ಭಿನ್ನರಾಶಿ, ದಶಮಾಂಶ, ಶೇಕಡಾ: ತುಂಬಿದ ಕೋಷ್ಟಕವನ್ನು ಸಾಲು ಸಾಲಾಗಿ ತಾಳೆ ನೋಡುವುದು ಹೇಗೆ

ಏಳನೇ ತರಗತಿಯ ಆಸುಪಾಸಿನ ಗಣಿತದ ವರ್ಕ್‌ಶೀಟುಗಳಲ್ಲಿ ಒಂದು ಕೋಷ್ಟಕ ಆಗಾಗ ಕಾಣಿಸಿಕೊಳ್ಳುತ್ತದೆ. ಭಿನ್ನರಾಶಿ, ದಶಮಾಂಶ, ಶೇಕಡಾ ಎಂದು ಮೂರು ಅಂಕಣ. ಪ್ರತಿ ಸಾಲಿನಲ್ಲೂ ಒಂದು ಮನೆ ಮಾತ್ರ ಅಚ್ಚಾಗಿರುತ್ತದೆ, ಉಳಿದೆರಡನ್ನು ನಾವು ತುಂಬಬೇಕು. ತುಂಬುವುದು ಅಷ್ಟೇನೂ ಕಷ್ಟವಲ್ಲ. ತುಂಬಿದ್ದು ಸರಿಯೇ ಎಂದು ನೋಡುವಾಗಲೇ ಹೆಚ್ಚಿನವರು ಎಡವುವುದು. ಲೆಕ್ಕ ಮಾಡಿದ ದಾರಿಯಲ್ಲೇ ಮತ್ತೊಮ್ಮೆ ನಡೆದು, ಮೊದಲಿನ ಉತ್ತರವೇ ಬಂತು ಎಂದು ಟಿಕ್ ಹಾಕಿಬಿಡುತ್ತಾರೆ. ಆದರೆ ಮೊದಲ ಸಲ ಅಂಶ, ಛೇದ ಅದಲುಬದಲು ಮಾಡಿದವರು ಎರಡನೇ ಸಲವೂ ಹಾಗೆಯೇ ಮಾಡುತ್ತಾರೆ. ಅದು ತಾಳೆ ನೋಡಿದಂತಲ್ಲ, ತಪ್ಪನ್ನೇ ಇನ್ನೊಮ್ಮೆ ಬರೆದಂತೆ. ತಾಳೆ ನೋಡಲು ಬೇರೆ ದಾರಿ ಬೇಕು.

ಪರಿವರ್ತನೆಯ ನಿಯಮಗಳು ನಿಮಗೆ ಗೊತ್ತಿರುವವೇ, ಬೇಗ ಹೇಳಿ ಮುಂದೆ ಹೋಗೋಣ. ಭಿನ್ನರಾಶಿಯಿಂದ ದಶಮಾಂಶಕ್ಕೆ ಹೋಗಲು ಅಂಶವನ್ನು ಛೇದದಿಂದ ಭಾಗಿಸಬೇಕು. ದಶಮಾಂಶದಿಂದ ಶೇಕಡಾಕ್ಕೆ 100ರಿಂದ ಗುಣಿಸಬೇಕು, ಎಂದರೆ ಬಿಂದುವನ್ನು ಎರಡು ಸ್ಥಾನ ಬಲಕ್ಕೆ ಸರಿಸಬೇಕು. ಶೇಕಡಾದಿಂದ ಭಿನ್ನರಾಶಿಗೆ ಬರಲು ಆ ಸಂಖ್ಯೆಯ ಕೆಳಗೆ 100 ಬರೆದು ಸಂಕ್ಷೇಪಿಸಬೇಕು. ಎದುರು ದಿಕ್ಕಿಗೆ ಹೋಗುವಾಗ ಇವನ್ನೇ ತಿರುಗಿಸಿಕೊಂಡರಾಯಿತು.

ಈಗ ಒಂದು ತುಂಬಿದ ಕೋಷ್ಟಕವನ್ನು ಮುಂದಿಟ್ಟುಕೊಳ್ಳೋಣ. ದಪ್ಪಕ್ಷರದಲ್ಲಿರುವುದು ವರ್ಕ್‌ಶೀಟಿನಲ್ಲಿ ಅಚ್ಚಾಗಿದ್ದದ್ದು, ಉಳಿದದ್ದು ವಿದ್ಯಾರ್ಥಿ ತುಂಬಿದ್ದು. ಇದರಲ್ಲಿ ತಪ್ಪುಗಳಿವೆ. ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನೇ ಆರಿಸಿ ಇಟ್ಟಿದ್ದೇನೆ.

| ಸಾಲು | ಭಿನ್ನರಾಶಿ | ದಶಮಾಂಶ | ಶೇಕಡಾ |
|---|---|---|---|
| 1 | **18/24** | 0.75 | 75% |
| 2 | **22/24** | 0.916 | 91.6% |
| 3 | **5/16** | 3.2 | 320% |
| 4 | 1/20 | **0.05** | 50% |
| 5 | 18/50 | **0.36** | 36% |
| 6 | 1/4 | 0.25 | **0.25%** |
| 7 | 2¼ | 2.25 | **225%** |

ಯಾವ ಸಾಲಿಗೂ ಸಲ್ಲುವ ಎರಡು ಪರೀಕ್ಷೆ

ಮೊದಲನೆಯದನ್ನು ಬಿಂದು ಪರೀಕ್ಷೆ ಎನ್ನೋಣ. ದಶಮಾಂಶದ ಮನೆಯಲ್ಲೂ ಶೇಕಡಾದ ಮನೆಯಲ್ಲೂ ಅಂಕಿಗಳು ಅವೇ ಇರಬೇಕು, ಬಿಂದು ಮಾತ್ರ ಸರಿಯಾಗಿ ಎರಡು ಸ್ಥಾನ ಸರಿದಿರಬೇಕು. ಇದಕ್ಕೆ ಲೆಕ್ಕವೇ ಬೇಡ, ಕಣ್ಣು ಸಾಕು.

ಎರಡನೆಯದು ಗುಣಾಕಾರದ ಪರೀಕ್ಷೆ. ಶೇಕಡಾ ಎಂದರೆ ಛೇದ 100 ಆಗಿರುವ ಭಿನ್ನರಾಶಿ. ಎರಡು ಭಿನ್ನರಾಶಿಗಳು ಸಮವೇ ಎಂದು ನೋಡಲು ಓರೆ ಗುಣಾಕಾರ ಮಾಡುತ್ತೇವಲ್ಲ, ಅದನ್ನೇ ಇಲ್ಲಿ ಬಳಸಿದರೆ ಹೀಗಾಗುತ್ತದೆ:

```
ಶೇಕಡಾ × ಛೇದ = ಅಂಶ × 100
```

ಇದರಲ್ಲಿ ಭಾಗಾಕಾರವೂ ಇಲ್ಲ, ಸಂಕ್ಷೇಪಿಸುವ ಕೆಲಸವೂ ಇಲ್ಲ. ತುಂಬುವಾಗ ಭಾಗಾಕಾರದಲ್ಲಿ ಆಗಿರಬಹುದಾದ ತಪ್ಪು ಇಲ್ಲಿಗೆ ನುಸುಳಲಾರದು, ಏಕೆಂದರೆ ದಾರಿಯೇ ಬೇರೆ. ಬಲಭಾಗದ ಲೆಕ್ಕವಂತೂ ಅಂಶದ ಮುಂದೆ ಎರಡು ಸೊನ್ನೆ ಹಾಕಿದರೆ ಮುಗಿಯಿತು.

ಈ ಎರಡೂ ಹೊಂದಿದರೆ ಆ ಸಾಲಿನ ಮೂರು ಬೆಲೆಗಳೂ ಒಂದೇ. ಮೂರೂ ಒಂದೇ ಆದಾಗ ಅಚ್ಚಾದ ಬೆಲೆಯೂ ಅವುಗಳಲ್ಲಿ ಸೇರಿರುವುದರಿಂದ ಸಾಲು ಸರಿ ಎಂದೇ ಅರ್ಥ. ಹೊಂದದಿದ್ದರೆ ಕೆಟ್ಟಿರುವ ಮನೆ ಯಾವುದು ಎಂದು ಹುಡುಕಬೇಕು. ಅಲ್ಲಿ ಸ್ವಲ್ಪ ಎಚ್ಚರ ಬೇಕಾಗುತ್ತದೆ. ಅದು ನಾಲ್ಕನೇ ಮತ್ತು ಆರನೇ ಸಾಲಿನಲ್ಲಿ ಗೊತ್ತಾಗುತ್ತದೆ.

ಸಾಲು 1: 18/24

ಬಿಂದು ಪರೀಕ್ಷೆ: 0.75, 75. ಸರಿ. ಗುಣಾಕಾರ: 75 × 24 = 1800, ಆ ಕಡೆ 18 × 100 = 1800. ಟಿಕ್ ಹಾಕಿ ಮುಂದೆ ಹೋಗಿ.

ಸಾಲು 2: 22/24

ಈ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಚಿನ್ನದ ಅಂಗಡಿ ಕಂಡವರಿಗೆಲ್ಲ 22/24 ಪರಿಚಿತವೇ. 24 ಕ್ಯಾರೆಟ್ ಎಂದರೆ ಅಪ್ಪಟ ಚಿನ್ನ, ಒಡವೆ ಮಾಡುವುದು ಹೆಚ್ಚಾಗಿ 22 ಕ್ಯಾರೆಟ್‌ನಲ್ಲಿ, ಅದರ ಹಾಲ್‌ಮಾರ್ಕ್‌ನಲ್ಲಿ `22K916` ಎಂದಿರುತ್ತದೆ. ಸಾವಿರ ಭಾಗದಲ್ಲಿ 916 ಭಾಗ ಚಿನ್ನ ಎಂಬುದು ಅದರ ಅರ್ಥ. ಮನೆಯಲ್ಲಿ ‘ನೈನ್ ಒನ್ ಸಿಕ್ಸ್’ ಎಂಬ ಮಾತು ಕೇಳಿ ಬೆಳೆದ ಮಕ್ಕಳು 0.916, 91.6% ಎಂದು ಬರೆದರೆ ಆಶ್ಚರ್ಯವೇನಿಲ್ಲ. ನೋಡುವವರಿಗೂ ಅದು ಸರಿ ಎಂದೇ ಕಾಣುತ್ತದೆ.

ಬಿಂದು ಪರೀಕ್ಷೆಯಲ್ಲಿ ಈ ಸಾಲು ಪಾಸಾಗುತ್ತದೆ. ಗುಣಾಕಾರದಲ್ಲಿ ಸಿಕ್ಕಿಬೀಳುತ್ತದೆ: 91.6 × 24 = 2198.4, ಆದರೆ 22 × 100 = 2200. ಅಂತರ 1.6. ಬಹಳ ಹತ್ತಿರ, ಆದರೆ ಸಮವಲ್ಲ.

ಏನಾಗಿದೆ ಎಂದು ಭಾಗಾಕಾರದೊಳಗೇ ನೋಡೋಣ. 22/24 ಅನ್ನು ಸಂಕ್ಷೇಪಿಸಿದರೆ 11/12. 11ರ ಮುಂದೆ ಸೊನ್ನೆ ಹಾಕಿ 110 ಅನ್ನು 12ರಿಂದ ಭಾಗಿಸಿದರೆ 9, ಶೇಷ 2. ಸೊನ್ನೆ ಇಳಿಸಿದರೆ 20. ಅದರಲ್ಲಿ 12 ಒಂದು ಸಲ, ಶೇಷ 8. ಮತ್ತೆ ಸೊನ್ನೆ ಇಳಿಸಿದರೆ 80. ಅದರಲ್ಲಿ 12 ಆರು ಸಲ, 72 ಹೋಗಿ ಶೇಷ ಮತ್ತೆ 8. ಹಿಂದೆ ಬಂದಿದ್ದ ಶೇಷವೇ ತಿರುಗಿ ಬಂದಿತೆಂದರೆ ಮುಂದಿನ ಅಂಕಿಯೂ ಹಿಂದಿನದೇ. 0.91666… ಹೀಗೆ 6 ಮುಗಿಯುವುದೇ ಇಲ್ಲ. ಇದು ಆವರ್ತ ದಶಮಾಂಶ. 0.916 ಎಂಬುದು ಅದನ್ನು ನಡುವೆ ಕತ್ತರಿಸಿದ ತುಂಡು.

ಮೊದಲ ಸಾಲಿನಲ್ಲೂ ಛೇದ 24 ಇತ್ತು, ಅಲ್ಲಿ ಭಾಗಾಕಾರ ಮುಗಿಯಿತು, ಇಲ್ಲಿ ಏಕೆ ಮುಗಿಯಲಿಲ್ಲ? ನೋಡಬೇಕಾದ್ದು ಸಂಕ್ಷೇಪಿಸಿದ ಮೇಲೆ ಉಳಿಯುವ ಛೇದವನ್ನು. 18/24 ಸಂಕ್ಷೇಪಿಸಿದರೆ 3/4, ಛೇದ 4 ಎಂದರೆ 2 × 2. ಛೇದದ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಮಾತ್ರ ಆಗಿದ್ದರೆ ಅದನ್ನು 10, 100, 1000 ಹೀಗೆ 10ರ ಯಾವುದಾದರೊಂದು ಘಾತಕ್ಕೆ ಏರಿಸಬಹುದು, ಹಾಗಾಗಿ ದಶಮಾಂಶ ಅಂತ್ಯಗೊಳ್ಳುತ್ತದೆ. 11/12ರಲ್ಲಿ ಛೇದ 12, ಅದರಲ್ಲಿ 3 ಕುಳಿತಿದೆ. 10ರ ಯಾವ ಘಾತವನ್ನೂ 3 ನಿಶ್ಶೇಷವಾಗಿ ಭಾಗಿಸುವುದಿಲ್ಲ. ತಾಳೆ ನೋಡಲು ಕುಳಿತಾಗ ಭಿನ್ನರಾಶಿಯ ಅಂಕಣದ ಮೇಲೆ ಒಮ್ಮೆ ಹೀಗೆ ಕಣ್ಣಾಡಿಸಿದರೆ ಯಾವ ಸಾಲಿನಲ್ಲಿ ಆವರ್ತ ದಶಮಾಂಶ ಬರಲೇಬೇಕು ಎಂದು ಮೊದಲೇ ತಿಳಿಯುತ್ತದೆ. ಅಂಥ ಸಾಲಿನಲ್ಲಿ ನಾಲ್ಕಾರು ಅಂಕಿಗೆ ಮುಗಿದುಹೋದ ದಶಮಾಂಶ ಕಂಡರೆ, ಅದು ನಿಖರ ಉತ್ತರವಲ್ಲ.

ಹಾಗಾದರೆ ಏನು ಬರೆಯಬೇಕು? ಪ್ರಶ್ನೆಯಲ್ಲಿ ಏನೂ ಹೇಳದಿದ್ದರೆ ನಿಖರ ರೂಪವೇ ಲೇಸು: 0.91666… ಮತ್ತು 91⅔%. ‘ಎರಡು ದಶಮಾಂಶ ಸ್ಥಾನಗಳಿಗೆ ಸರಿಪಡಿಸಿ’ ಎಂದಿದ್ದರೆ 0.92 ಮತ್ತು 91.67%. ಈ ಎರಡನೆಯ ಜೋಡಿಯನ್ನು ಸರಿಯಾಗಿ ಗಮನಿಸಿ. ಇಲ್ಲಿ ಬಿಂದು ಪರೀಕ್ಷೆ ಹೊಂದುವುದಿಲ್ಲ, ಆದರೂ ಎರಡೂ ಸರಿ. 0.92 ಅನ್ನು ಹಿಡಿದು ಶೇಕಡಾಕ್ಕೆ ಹೋದರೆ 92% ಬರುತ್ತದೆ, ಕೇಳಿದ ನಿಖರತೆ ಕೈತಪ್ಪುತ್ತದೆ. ಎರಡು ಸ್ಥಾನದ ಶೇಕಡಾ ಬೇಕಿದ್ದರೆ ದಶಮಾಂಶದಲ್ಲಿ ನಾಲ್ಕು ಸ್ಥಾನ ಕೈಯಲ್ಲಿರಬೇಕು. ಆದ್ದರಿಂದ ಆವರ್ತ ದಶಮಾಂಶದ ಸಾಲುಗಳಲ್ಲಿ ಶೇಕಡಾವನ್ನು ಪಕ್ಕದ ಮನೆಯಿಂದ ತರದೆ ನೇರ ಭಿನ್ನರಾಶಿಯಿಂದಲೇ ತರಬೇಕು: 2200 ÷ 24 = 91.666…

ಉತ್ತರವನ್ನು ಸಮೀಪ ಬೆಲೆಗೆ ಬರೆದಿದ್ದಾಗ ಗುಣಾಕಾರದ ಪರೀಕ್ಷೆ ಪೂರ್ತಿ ಹೊಂದದು, ಒಂದಿಷ್ಟು ಅಂತರ ಉಳಿಯುತ್ತದೆ. ಎಷ್ಟು ಅಂತರವನ್ನು ಒಪ್ಪಬಹುದು ಎಂಬುದಕ್ಕೂ ಲೆಕ್ಕವಿದೆ. ಎರಡು ಸ್ಥಾನಕ್ಕೆ ಸರಿಪಡಿಸಿದಾಗ ಆಗಬಹುದಾದ ಅತಿ ಹೆಚ್ಚಿನ ವ್ಯತ್ಯಾಸ 0.005. ಅದನ್ನು ಛೇದ 24ರಿಂದ ಗುಣಿಸಿದರೆ 0.12. 91.67 × 24 = 2200.08, ಅಂತರ 0.08, ಮಿತಿಯೊಳಗಿದೆ. ಒಂದೇ ಸ್ಥಾನಕ್ಕೆ ಸರಿಪಡಿಸಿದ್ದರೆ ಮಿತಿ 0.05 × 24 = 1.2. ವಿದ್ಯಾರ್ಥಿಯ 91.6ರ ಅಂತರ 1.6, ಮಿತಿ ಮೀರಿದೆ. ಎಂದರೆ ಇದು ಸರಿಪಡಿಸಿದ ಬೆಲೆಯಲ್ಲ, ಸುಮ್ಮನೆ ಕತ್ತರಿಸಿದ ಬೆಲೆ. ಒಂದು ಸ್ಥಾನಕ್ಕಾದರೂ ಬರೆಯಬೇಕಿದ್ದದ್ದು 91.7%.

ಅಂಗಡಿಯ 916 ತಪ್ಪೇ ಎಂದರೆ, ಅಲ್ಲ. ಅದು ವ್ಯಾಪಾರದ ಮಾನಕಕ್ಕೆ ಇಟ್ಟ ಗುರುತು. 14 ಕ್ಯಾರೆಟ್‌ನ ಗುರುತು 585. 14 ಅನ್ನು 24ರಿಂದ ಭಾಗಿಸಿದರೆ ಬರುವುದು 0.58333… ಗುರುತಿನ ಸಂಖ್ಯೆಯನ್ನು ಲೆಕ್ಕದ ಉತ್ತರವೆಂದು ತಂದು ಕೋಷ್ಟಕಕ್ಕೆ ತುಂಬುವಂತಿಲ್ಲ, ಅಷ್ಟೇ.

ಸಾಲು 3: 5/16

ಇಲ್ಲಿ ಪರೀಕ್ಷೆಗೆ ಮೊದಲೇ ಕಣ್ಣು ತಡೆಯಬೇಕು. ಅಂಶ ಛೇದಕ್ಕಿಂತ ಚಿಕ್ಕದಿದ್ದರೆ ದಶಮಾಂಶ 1ಕ್ಕಿಂತ ಕಡಿಮೆ, ಶೇಕಡಾ 100ಕ್ಕಿಂತ ಕಡಿಮೆ. 5ರ ಎರಡರಷ್ಟು 10, ಅದೂ 16ಕ್ಕಿಂತ ಕಡಿಮೆ. ಆದ್ದರಿಂದ ಉತ್ತರ 50%ಗಿಂತಲೂ ಕೆಳಗಿರಬೇಕು. ಇಲ್ಲಿರುವುದು 320%.

ಬಿಂದು ಪರೀಕ್ಷೆ ಇದನ್ನು ಹಿಡಿಯುವುದಿಲ್ಲ, 3.2 ಮತ್ತು 320 ಚೆನ್ನಾಗಿ ಹೊಂದುತ್ತವೆ. ಗುಣಾಕಾರದಲ್ಲಿ 320 × 16 = 5120, ಎದುರಿಗೆ 500. ಬಿಂದು ಹೊಂದಿ ಗುಣಾಕಾರ ಹೊಂದದಿದ್ದರೆ ದೋಷ ಭಿನ್ನರಾಶಿಗೂ ದಶಮಾಂಶಕ್ಕೂ ನಡುವಿನ ಹೆಜ್ಜೆಯಲ್ಲಿದೆ ಎಂದು ತಿಳಿಯಿರಿ. ಇಲ್ಲಿ 5 ಅನ್ನು 16ರಿಂದ ಭಾಗಿಸುವ ಬದಲು 16 ಅನ್ನು 5ರಿಂದ ಭಾಗಿಸಲಾಗಿದೆ. ‘ದೊಡ್ಡ ಸಂಖ್ಯೆಯನ್ನು ಸಣ್ಣದರಿಂದ ಭಾಗಿಸುವುದು’ ಎಂದು ಕೆಳಗಿನ ತರಗತಿಗಳಲ್ಲಿ ಅಂಟಿಕೊಂಡ ಅಭ್ಯಾಸ ಇದು. ಸರಿ ಉತ್ತರ 0.3125, 31.25%. ತಾಳೆ: 31.25 × 16 = 500.

ಆಣೆಯ ಕಾಲದವರಿಗೆ ಈ ಸಾಲು ಬಾಯಿಲೆಕ್ಕ. ರೂಪಾಯಿಗೆ ಹದಿನಾರು ಆಣೆ, ಐದಾಣೆ ಎಂದರೆ ಅರ್ಧ ರೂಪಾಯಿಗೂ ಕಡಿಮೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಬಂದಾಗ ದೇಶಕ್ಕೆ ದೇಶವೇ ಈ 16ರ ಛೇದವನ್ನು 100ರ ಛೇದಕ್ಕೆ ಪರಿವರ್ತಿಸಿಕೊಳ್ಳಬೇಕಾಯಿತು. ಆಣೆಗೆ 6.25 ಪೈಸೆ, ಐದಾಣೆಗೆ 31.25, ಕೈಗೆ ಬಂದದ್ದು 31.

ಸಾಲು 4: 0.05

ಬಿಂದು ಪರೀಕ್ಷೆ ಇಲ್ಲಿ ತಕ್ಷಣ ಸೋಲುತ್ತದೆ: 0.05ರ ಬಿಂದುವನ್ನು ಎರಡು ಸ್ಥಾನ ಸರಿಸಿದರೆ 5, ಬರೆದಿರುವುದು 50. ಗುಣಾಕಾರವೂ ಸೋಲುತ್ತದೆ: 50 × 20 = 1000, ಎದುರಿಗೆ 100. ಎರಡೂ ಸೋತಾಗ ಮೂರನೆಯ ಜೋಡಿಯನ್ನು ನೋಡಬೇಕು, ಎಂದರೆ ದಶಮಾಂಶ × ಛೇದ = ಅಂಶ ಆಗುತ್ತದೆಯೇ ಎಂದು. 0.05 × 20 = 1. ಆಗುತ್ತದೆ. ಭಿನ್ನರಾಶಿಯೂ ದಶಮಾಂಶವೂ ಒಂದಾಗಿವೆ, ಶೇಕಡಾ ಒಂಟಿಯಾಗಿದೆ. ಅಚ್ಚಾದ ಬೆಲೆ 0.05, ಅದು ಒಂದಾಗಿರುವ ಜೋಡಿಯಲ್ಲಿದೆ. ಆದ್ದರಿಂದ ತಪ್ಪು ಶೇಕಡಾದ್ದೇ. 5% ಎಂದು ತಿದ್ದಿ.

0.05 ಮತ್ತು 0.5 ಎರಡನ್ನೂ ‘ಪಾಯಿಂಟ್ ಐದು’ ಎಂದು ಓದಿಬಿಡುವುದೇ ಈ ತಪ್ಪಿನ ಮೂಲ. ‘ಸೊನ್ನೆ ಬಿಂದು ಸೊನ್ನೆ ಐದು, ಐದು ಶತಾಂಶ’ ಎಂದು ಸ್ಥಾನದ ಹೆಸರು ಸೇರಿಸಿ ಓದಿಸಿದರೆ ಉತ್ತರ ಅಲ್ಲೇ ಸಿಗುತ್ತದೆ.

ಸಾಲು 5: 0.36

ಬಿಂದು ಹೊಂದುತ್ತದೆ. 36 × 50 = 1800, 18 × 100 = 1800, ಗುಣಾಕಾರವೂ ಹೊಂದುತ್ತದೆ. ಬೆಲೆಯ ದೃಷ್ಟಿಯಿಂದ ಸಾಲು ಸರಿ. ಆದರೆ 18/50 ಇನ್ನೂ 2ರಿಂದ ಸಂಕ್ಷೇಪವಾಗುತ್ತದೆ, 9/25. ಮಗು 36/100ರಿಂದ ಒಂದು ಹೆಜ್ಜೆ ಇಳಿದು ಅಲ್ಲೇ ನಿಂತಿದೆ. 36 ಮತ್ತು 100ರ ಮ.ಸಾ.ಅ. 4. ನಮ್ಮ ಎರಡು ಪರೀಕ್ಷೆಗಳು ಬೆಲೆಯನ್ನು ನೋಡುತ್ತವೆಯೇ ಹೊರತು ರೂಪವನ್ನಲ್ಲ, ಆದ್ದರಿಂದ ಇದನ್ನು ಬೇರೆಯಾಗಿಯೇ ನೋಡಬೇಕು. ‘ಸಂಕ್ಷಿಪ್ತ ರೂಪದಲ್ಲಿ ಬರೆಯಿರಿ’ ಎಂದು ಪ್ರಶ್ನೆಯಲ್ಲಿದ್ದರೆ ಇದು ಅಪೂರ್ಣ. ಇಲ್ಲದಿದ್ದರೆ ನಾನು ಅಂಕ ಕಡಿಯುವುದಿಲ್ಲ, ಪಕ್ಕದಲ್ಲಿ 9/25 ಎಂದು ಬರೆದು ಕೊಡುತ್ತೇನೆ. 18/50 ಸುತ್ತ ಕೆಂಪು ಗೆರೆ ಎಳೆದರೆ ಬೆಲೆಯೇ ತಪ್ಪು ಎಂದು ಮಗು ತಿಳಿದುಬಿಡುತ್ತದೆ.

ಸಾಲು 6: 0.25%

ಇಡೀ ಕೋಷ್ಟಕದಲ್ಲಿ ಹಿರಿಯರೂ ಜಾರಿ ಬೀಳುವ ಸಾಲು ಇದೇ. 0.25 ಎಂದರೆ ಕಾಲು ಎಂಬುದು ಎಷ್ಟು ರೂಢಿಯಾಗಿದೆ ಎಂದರೆ ಪಕ್ಕದ % ಚಿಹ್ನೆ ಕಣ್ಣಿಗೇ ಬೀಳುವುದಿಲ್ಲ.

ಬಿಂದು ಪರೀಕ್ಷೆ ಸೋಲುತ್ತದೆ: 0.25ಕ್ಕೂ 0.25%ಗೂ ನಡುವೆ ಬಿಂದು ಸರಿದೇ ಇಲ್ಲ. ಗುಣಾಕಾರ ಸೋಲುತ್ತದೆ: 0.25 × 4 = 1, ಎದುರಿಗೆ 100. ಮೂರನೆಯ ಜೋಡಿ ನೋಡಿದರೆ 0.25 × 4 = 1, ಭಿನ್ನರಾಶಿಯೂ ದಶಮಾಂಶವೂ ಒಂದಾಗಿವೆ, ಶೇಕಡಾ ಒಂಟಿ. ಇಲ್ಲಿಯವರೆಗೆ ನಾಲ್ಕನೇ ಸಾಲಿನ ಕಥೆಯೇ. ಆದರೆ ತೀರ್ಪು ತಲೆಕೆಳಗು. ಒಂಟಿಯಾಗಿರುವ ಶೇಕಡಾವೇ ಇಲ್ಲಿ ಅಚ್ಚಾದ ಬೆಲೆ, ಅದು ತಪ್ಪಾಗಿರಲು ಸಾಧ್ಯವಿಲ್ಲ. ಒಂದಾಗಿರುವ ಎರಡೂ ಮನೆಗಳು ತಪ್ಪು. ಎರಡು ಮನೆ ಒಂದು ಮಾತು ಹೇಳಿದರೆ ಮೂರನೆಯದೇ ತಪ್ಪಿರಬೇಕು ಎಂದು ಬಹುಮತದ ಮೇಲೆ ತೀರ್ಮಾನಿಸುವಂತಿಲ್ಲ. ಅದಕ್ಕೇ, ತಾಳೆ ನೋಡಲು ಕೂರುವ ಮೊದಲು ಅಚ್ಚಾದ ಮನೆಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ. ವರ್ಕ್‌ಶೀಟನ್ನು ನೋಟ್‌ಬುಕ್ಕಿಗೆ ಕೈಯಿಂದ ನಕಲು ಮಾಡಿಕೊಂಡಿದ್ದರೆ ಯಾವುದು ಕೊಟ್ಟದ್ದು, ಯಾವುದು ತುಂಬಿದ್ದು ಎಂದು ಆಮೇಲೆ ಗೊತ್ತೇ ಆಗುವುದಿಲ್ಲ.

ಸರಿ ಉತ್ತರ: 0.25 ÷ 100 = 0.0025. ಭಿನ್ನರಾಶಿಗೆ 0.25/100, ಮೇಲೆ ಕೆಳಗೆ 4ರಿಂದ ಗುಣಿಸಿದರೆ 1/400. ತಾಳೆ: 0.25 × 400 = 100. ಶೇಕಡಾದಲ್ಲೇ ಬಿಂದು ಇರುವಾಗ ಹೀಗೆ ಮೊದಲು ಅಂಶವನ್ನು ಪೂರ್ಣಾಂಕ ಮಾಡಿಕೊಂಡು ಆಮೇಲೆ ಸಂಕ್ಷೇಪಿಸುವುದು ಸುಲಭ.

ಹೀಗೂ ಒಂದು ಶೇಕಡಾ ಇರುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕಚ್ಚಾ ವಜ್ರಕ್ಕೆ ನಿಗದಿ ಮಾಡಿದ ದರ 0.25%. ಒಂದು ಲಕ್ಷ ರೂಪಾಯಿಯ ಮೇಲೆ ಅದು 250 ರೂಪಾಯಿ. ನಮ್ಮ ವಿದ್ಯಾರ್ಥಿ ತುಂಬಿದ 1/4ರಂತೆ ಲೆಕ್ಕ ಹಾಕಿದರೆ 25,000!

ಸಾಲು 7: 225%

ಬಿಂದು ಹೊಂದುತ್ತದೆ. ಗುಣಾಕಾರಕ್ಕೆ ಮೊದಲು 2¼ ಅನ್ನು ವಿಷಮ ಭಿನ್ನರಾಶಿ ಮಾಡಿಕೊಳ್ಳಬೇಕು: 9/4. 225 × 4 = 900, 9 × 100 = 900. ಸಾಲು ಸರಿ. ಇದನ್ನು ಕೋಷ್ಟಕದಲ್ಲಿ ಇಟ್ಟದ್ದು ತಾಳೆ ನೋಡುವವರಿಗಾಗಿಯೇ. ‘ನೂರಕ್ಕೆ ಇನ್ನೂರಿಪ್ಪತ್ತೈದು ಹೇಗಾದೀತು’ ಎಂದು ಸರಿ ಉತ್ತರವನ್ನೇ ಹೊಡೆದುಹಾಕುವವರಿದ್ದಾರೆ. ಮೂರನೇ ಸಾಲಿನಲ್ಲಿ 100 ದಾಟಿದ್ದು ತಪ್ಪಾಗಿದ್ದದ್ದು ಭಿನ್ನರಾಶಿ 1ಕ್ಕಿಂತ ಚಿಕ್ಕದಿದ್ದುದರಿಂದ. ಇಲ್ಲಿ ಭಿನ್ನರಾಶಿಯೇ 2ಕ್ಕಿಂತ ದೊಡ್ಡದು, ಶೇಕಡಾ 200 ದಾಟಲೇಬೇಕು.

ಸಾಲುಗಳು ತುಂಬಾ ಇದ್ದರೆ

ಮೂವತ್ತು ನಲವತ್ತು ಸಾಲುಗಳ ಉತ್ತರಪಟ್ಟಿ ತಯಾರಿಸುವ ಶಿಕ್ಷಕರು ಇದೇ ಪರೀಕ್ಷೆಯನ್ನು ಎಕ್ಸೆಲ್‌ಗೆ ಒಪ್ಪಿಸಬಹುದು. A ಅಂಕಣದಲ್ಲಿ ಅಂಶ, Bಯಲ್ಲಿ ಛೇದ, Cಯಲ್ಲಿ ದಶಮಾಂಶ, Dಯಲ್ಲಿ % ಚಿಹ್ನೆಯ ಸಮೇತ ಶೇಕಡಾ. ಅಂಶ ಛೇದಗಳನ್ನು ಬೇರೆ ಬೇರೆ ಅಂಕಣದಲ್ಲಿ ಇಡಲು ಕಾರಣವಿದೆ: ಒಂದೇ ಮನೆಯಲ್ಲಿ `3/4` ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ದಿನಾಂಕ ಎಂದುಕೊಳ್ಳುತ್ತದೆ. ಹಾಳೆಯ ಮೊದಲ ಸಾಲು ಅಂಕಣಗಳ ಹೆಸರಿಗಿರಲಿ. E2 ಮತ್ತು F2 ಮನೆಗಳಲ್ಲಿ ಹೀಗೆ ಬರೆದು ಕೆಳಗಿನ ಸಾಲುಗಳಿಗೂ ನಕಲಿಸಿ:

```
=ABS(D2-C2)<0.000001
=ABS(D2*B2-A2)<0.000001
```

ಮೊದಲನೆಯದು ಬಿಂದು ಪರೀಕ್ಷೆ, ಎರಡನೆಯದು ಗುಣಾಕಾರದ್ದು. 91.6% ಎಂದು ಟೈಪ್ ಮಾಡಿದರೆ ಎಕ್ಸೆಲ್ ಒಳಗೆ ಇಟ್ಟುಕೊಳ್ಳುವುದು 0.916, ಆದ್ದರಿಂದ 100ರಿಂದ ಗುಣಿಸುವ ಅಗತ್ಯ ಬೀಳುವುದಿಲ್ಲ. ನೇರವಾಗಿ ಸಮ ಚಿಹ್ನೆ ಹಾಕದೆ `ABS` ಬಳಸಿದ್ದು, ಕಂಪ್ಯೂಟರ್ ದಶಮಾಂಶಗಳನ್ನು ದ್ವಿಮಾನದಲ್ಲಿ ಇಟ್ಟುಕೊಳ್ಳುವಾಗ ಬರುವ ಅತಿ ಸಣ್ಣ ವ್ಯತ್ಯಾಸಕ್ಕೆ ಸರಿ ಸಾಲುಗಳೂ `FALSE` ಆಗದಿರಲಿ ಎಂದು.

ನಮ್ಮ ಕೋಷ್ಟಕವನ್ನು ಹಾಕಿದರೆ 1, 5, 7ನೇ ಸಾಲುಗಳಲ್ಲಿ ಎರಡೂ ಕಡೆ `TRUE` ಬರುತ್ತದೆ. 2 ಮತ್ತು 3ರಲ್ಲಿ ಮೊದಲನೆಯದು `TRUE`, ಎರಡನೆಯದು `FALSE`. 4 ಮತ್ತು 6ರಲ್ಲಿ ಎರಡೂ `FALSE`. ಅಲ್ಲಿ ಯಾವ ಮನೆಯನ್ನು ತಿದ್ದಬೇಕೆಂದು ಎಕ್ಸೆಲ್ ಹೇಳದು, ಅಚ್ಚಾದ ಬೆಲೆ ಯಾವುದೆಂದು ಅದಕ್ಕೆ ಗೊತ್ತಿಲ್ಲ. ಎರಡನೇ ಸಾಲನ್ನು 91.67% ಎಂದು ತಿದ್ದಿದರೂ ಅಲ್ಲಿ `FALSE` ಹೋಗುವುದಿಲ್ಲ. ಆ ಸಾಲಿಗೆ ಮಾತ್ರ F ಅಂಕಣದ ಮಿತಿಯನ್ನು 0.00005*B3 ಎಂದು ಸಡಿಲಿಸಿ. ಎರಡು ಸ್ಥಾನದ ಶೇಕಡಾಕ್ಕೆ ನಾವು ಮೇಲೆ ಒಪ್ಪಿದ 0.005 × 24ರ ಮಿತಿ ಇದೇ, 100ರಿಂದ ಭಾಗಿಸಿದ ರೂಪದಲ್ಲಿ.